ಕಲ್ಯಾಣ ಮಂಟಪದ ಬ್ರೋಷರ್ ತಿದ್ದುವ ಮುನ್ನ ಹಳೇ ಬಿಲ್ ಪುಸ್ತಕ ತೆಗೆಯಿರಿ

ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಬ್ರೋಷರ್ ಇವೇ ಹೊಟ್ಟೆಪಾಡು. ಆಷಾಢ ಬಂದರೆ ಕೈ ಖಾಲಿ. ಕಳೆದ ಆಷಾಢದಲ್ಲಿ ನಮ್ಮೂರಿನ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್ ಬಂದು, "ಹಳೇ ಬ್ರೋಷರ್ ಮುಗೀತು, ರೇಟ್ ಒಂದು ಬದಲಾಯಿಸಿ ಇನ್ನೊಂದು ಸಾವಿರ ಹೊಡೆದುಕೊಡಿ" ಎಂದರು.

ಮೇ ತಿಂಗಳಲ್ಲಿ ನಾನೇ ಆ ಮಂಟಪಕ್ಕೆ ಮದುವೆಯೊಂದಕ್ಕೆ ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ. ಇನ್ನೂ ಎರಡು ಪಂಕ್ತಿ ಊಟ ಬಾಕಿ. ಗೇಟಿನಲ್ಲಿ ಮುಂದಿನ ಪಾರ್ಟಿಯ ಹೂವಿನ ಅಲಂಕಾರದವರು ಟೆಂಪೊ ಸಮೇತ ಕಾಯುತ್ತಿದ್ದರು. ಹುಡುಗಿಯ ತಂದೆ ಬ್ರೋಷರ್ ಕೈಯಲ್ಲಿ ಹಿಡಿದು, "ಸಾವಿರ ಜನಕ್ಕೆ ಅಂತ ಹಾಕಿದೀರಲ್ಲ ಸ್ವಾಮಿ?" ಎಂದು ಕೇಳುತ್ತಿದ್ದರು. "ಸಾವಿರ ಜನ ಬಂದು ಹೋಗಬಹುದು ಯಜಮಾನ್ರೇ, ಅಷ್ಟೂ ಜನಕ್ಕೆ ಮೂರರೊಳಗೆ ಊಟ ಹಾಕೋಕಾಗುತ್ತಾ?" ಎಂದು ಈ ಮ್ಯಾನೇಜರ್. ಇಬ್ಬರದೂ ಸುಳ್ಳಲ್ಲ. ತಪ್ಪು ಇದ್ದದ್ದು ಆ ಹಾಳೆಯಲ್ಲಿ. ಅದನ್ನು ಕಂಪೋಸ್ ಮಾಡಿದ್ದವನು ನಾನೇ.

ಹಾಗಾಗಿ ಈ ಸಲ ರೇಟ್ ಮಾತ್ರ ಬದಲಾಯಿಸಲು ಒಪ್ಪಲಿಲ್ಲ. ನಾಲ್ಕು ದಿನ ಕೂತು ಇಡೀ ಹಾಳೆ ತಿದ್ದಿದೆವು. ಹೇಗೆ ತಿದ್ದಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ಆ ಮಂಟಪದವು. ನಿಮ್ಮದನ್ನು ನೀವೇ ಅಳೆದುಕೊಳ್ಳಬೇಕು.

ಮೊದಲು ಬಿಲ್ ಪುಸ್ತಕ

ಬ್ರೋಷರ್ ಪಕ್ಕಕ್ಕಿಡಿ. ಹೋದ ಸೀಸನ್ನಿನ ಕೊನೇ ಹತ್ತು ಮದುವೆಗಳ ಲೆಕ್ಕದ ಚೀಟಿ ತರಿಸಿ. ಪಾರ್ಟಿಯವರು ಮಂಟಪ ಬಿಡುವಾಗ ಕೊಟ್ಟ ಫೈನಲ್ ಬಿಲ್ ಇರುತ್ತದಲ್ಲ, ಅದು. ಬಾಡಿಗೆ ಬಿಟ್ಟು ಬೇರೆ ಯಾವ್ಯಾವುದಕ್ಕೆ ದುಡ್ಡು ಹಿಡಿದಿದ್ದಾರೆ ನೋಡಿ. ಬಿಲ್ಲಿನಲ್ಲಿ ಇದ್ದು ಬ್ರೋಷರಿನಲ್ಲಿ ಇಲ್ಲದ ಪ್ರತಿಯೊಂದು ಸಾಲೂ ಒಂದೊಂದು ಜಗಳ.

ನಮಗೆ ಸಿಕ್ಕಿದ್ದು ಇವು: ಜನರೇಟರ್ ಡೀಸೆಲ್, ಕರೆಂಟ್, ಕ್ಲೀನಿಂಗ್, ಎಂಜಲೆಲೆ ಸಾಗಿಸಿದ್ದು, ಮುರಿದ ಕುರ್ಚಿ, ಹೆಚ್ಚುವರಿ ಒಂದು ಗಂಟೆ, ಗೋಡೆಗೆ ಹೊಡೆದ ಮೊಳೆ. ಬ್ರೋಷರಿನಲ್ಲಿ ಇವುಗಳ ಬದಲು ಇದ್ದದ್ದು "ಇತರೆ ಖರ್ಚುಗಳು ಪ್ರತ್ಯೇಕ" ಎಂಬ ಒಂದೇ ಸಾಲು. ಆಮೇಲೆ ಮ್ಯಾನೇಜರ್ ಅವರನ್ನೂ ಕಾವಲುಗಾರರನ್ನೂ ಬೇರೆ ಬೇರೆಯಾಗಿ ಕೂರಿಸಿ, "ಜನ ಯಾವುದಕ್ಕೆ ಜಾಸ್ತಿ ಕೂಗಾಡ್ತಾರೆ?" ಎಂದು ಕೇಳಿದೆ. ಮ್ಯಾನೇಜರ್ ದುಡ್ಡಿನ ವಿಷಯ ಹೇಳಿದರು. ಕಾವಲುಗಾರರು ಪಾರ್ಕಿಂಗ್ ಬಿಟ್ಟು ಬೇರೆ ಮಾತೇ ಆಡಲಿಲ್ಲ.

ಸಾಮರ್ಥ್ಯ: ಕುರ್ಚಿ ಬೇರೆ, ಎಲೆ ಬೇರೆ

ಹಳೇ ಸಾಲು ಹೀಗಿತ್ತು: "1000 ಜನರ ಸಾಮರ್ಥ್ಯದ ವಿಶಾಲವಾದ ಸಭಾಂಗಣ." ಈ ಸಾವಿರ ಎಲ್ಲಿಂದ ಬಂತು ಎಂದರೆ ಯಾರಿಗೂ ಗೊತ್ತಿಲ್ಲ. ಕಟ್ಟಿದ ಯಜಮಾನರು ಹೇಳಿದ್ದಂತೆ, ಅಷ್ಟೇ.

ಮಂಟಪದಲ್ಲಿ ಎರಡು ಸಾಮರ್ಥ್ಯ ಇರುತ್ತವೆ. ಮೇಲಿನ ಹಾಲ್‌ನಲ್ಲಿ ಎಷ್ಟು ಜನ ಕೂರಬಹುದು ಎನ್ನುವುದು ಒಂದು. ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ ಬೀಳುತ್ತವೆ ಎನ್ನುವುದು ಇನ್ನೊಂದು. ಎರಡನ್ನೂ ಎಣಿಸಿಯೇ ಬರೆಯಬೇಕು, ಅಂದಾಜು ಬೇಡ.

ಮೇಲೆ ಕುರ್ಚಿ ಹಾಕಿಸಿದೆವು. ನಡುವೆ ಓಡಾಡಲು ದಾರಿ, ಬಾಗಿಲುಗಳ ಮುಂದೆ ಖಾಲಿ ಜಾಗ, ವೇದಿಕೆ ಮುಂದೆ ಫೋಟೊ ವಿಡಿಯೊದವರಿಗೆ ಒಂದಿಷ್ಟು ಜಾಗ ಬಿಟ್ಟೆವು. 450 ಕುರ್ಚಿ ಹಿಡಿಯಿತು. ಕೆಳಗೆ ಊಟದ ಹಾಲ್‌ನಲ್ಲಿ ಆರಡಿ ಉದ್ದದ 80 ಟೇಬಲ್ ಇವೆ. "ಟೇಬಲ್ಲಿಗೆ ನಾಲ್ಕು ಎಲೆ ಸಾರ್, ಸ್ವಲ್ಪ ಒತ್ತಿ ಕೂತ್ರೆ ಆಗುತ್ತೆ" ಎಂದರು ಮ್ಯಾನೇಜರ್. ಸರಿ, ನಾಲ್ಕು ಜನ ಕೂತೆವು: ನಾನು, ಅವರು, ಕಾವಲುಗಾರರು, ನನ್ನ ಅಂಗಡಿಯ ಹುಡುಗ. ಒಬ್ಬೊಬ್ಬರಿಗೆ ಒಂದೂವರೆ ಅಡಿ. ಮೊಣಕೈ ಪಕ್ಕದವರ ಪಾಯಸಕ್ಕೆ ತಾಗುತ್ತಿತ್ತು. ನಗುತ್ತಾ ಎದ್ದು ಮೂರು ಎಲೆ ಎಂದು ಒಪ್ಪಿದರು. 80ಕ್ಕೆ 3 ಎಂದರೆ ಪಂಕ್ತಿಗೆ 240.

ಈಗ ಮುಖ್ಯ ಲೆಕ್ಕ. ಎಲೆ ಹಾಕಿ, ಬಡಿಸಿ, ಉಂಡು, ಎದ್ದು, ಟೇಬಲ್ ಒರೆಸಿ ಮತ್ತೆ ಎಲೆ ಹಾಕಲು ಇಲ್ಲಿ ಸುಮಾರು 45 ನಿಮಿಷ ಬೇಕು. ಸಾವಿರ ಜನಕ್ಕೆ ಐದು ಪಂಕ್ತಿ. 12 ಗಂಟೆಗೆ ಶುರುವಾದರೆ ಮುಗಿಯುವುದು 3.45ಕ್ಕೆ. ಆದರೆ ಮಂಟಪ ಬಿಡಬೇಕಾದದ್ದು 3ಕ್ಕೆ! ಪಾತ್ರೆ ತೊಳೆದು ಸಾಮಾನು ಸಾಗಿಸಲು ಮುಕ್ಕಾಲು ಗಂಟೆ ಬಿಟ್ಟರೆ ಊಟ 2.15ಕ್ಕೆ ಮುಗಿಯಬೇಕು. ಅಂದರೆ ಮೂರೇ ಪಂಕ್ತಿ, 720 ಜನ. ಮೇ ತಿಂಗಳ ಜಗಳ ಪೂರ್ತಿ ಈ ಲೆಕ್ಕದಲ್ಲೇ ಇತ್ತು. ಸಾಮರ್ಥ್ಯ ಒಂದು ಪುಟದಲ್ಲಿ, ಬಿಡುವ ಸಮಯ ಇನ್ನೊಂದು ಪುಟದಲ್ಲಿ ಇದ್ದದ್ದರಿಂದ ಯಾರೂ ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಹೊಸ ಸಾಲುಗಳು:

> ಮದುವೆ ಹಾಲ್: 450 ಕುರ್ಚಿ. ಊಟದ ಹಾಲ್: ಒಂದು ಪಂಕ್ತಿಗೆ 240 ಎಲೆ. ಮಧ್ಯಾಹ್ನ 12ಕ್ಕೆ ಊಟ ಶುರುವಾದರೆ 2.15ರೊಳಗೆ ಮೂರು ಪಂಕ್ತಿ, ಸುಮಾರು 700 ಜನರ ಊಟ ಮುಗಿಯುತ್ತದೆ. ಅದಕ್ಕಿಂತ ಜಾಸ್ತಿ ಜನರಿದ್ದರೆ ಬುಕಿಂಗ್ ಸಮಯದಲ್ಲೇ ತಿಳಿಸಿ.

"ಸಾವಿರ ಅಂತ ಇದ್ದದ್ದು ಏಳ್ನೂರು ಆದ್ರೆ ಪಾರ್ಟಿ ಬೇರೆ ಕಡೆ ಹೋಗಲ್ವಾ?" ಎಂದು ಮ್ಯಾನೇಜರಿಗೆ ಭಯ. ಸಾವಿರ ಜನರನ್ನು ಕರೆಯುವವರು ಹೋಗಲಿ ಬಿಡಿ ಎಂದೆ. ಅವರು ಬಂದರೆ ಮತ್ತೆ ಅದೇ ಮೂರು ಗಂಟೆಯ ರಂಪ.

ಬಿಡುವ ಸಮಯದ ವಿಷಯ ಬಂತಲ್ಲ, ಅದನ್ನೂ ಇಲ್ಲೇ ತಿದ್ದಿಬಿಡಿ. "ಬಾಡಿಗೆ: ಒಂದು ದಿನಕ್ಕೆ" ಎಂದು ಮಾತ್ರ ಬರೆಯಬೇಡಿ. ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಒಂದು ದಿನ ಎಂದರೆ ಕ್ಯಾಲೆಂಡರಿನಲ್ಲಿ ಎರಡು ತಾರೀಕು. ಹಳೇ ಹಾಳೆಯ ಪ್ರಕಾರ ಒಬ್ಬರು 3ಕ್ಕೆ ಬಿಡಬೇಕು, ಇನ್ನೊಬ್ಬರು 3ಕ್ಕೇ ಬರಬಹುದು. ನಡುವೆ ಕಸ ಗುಡಿಸಲೂ ಸಮಯವಿಲ್ಲ. ಹೊಸದರಲ್ಲಿ ಹೀಗೆ ಬರೆದೆವು: "ಆರತಕ್ಷತೆಯ ದಿನ ಸಂಜೆ 4ಕ್ಕೆ ಬೀಗ ಕೊಡುತ್ತೇವೆ. ಮುಹೂರ್ತದ ದಿನ ಮಧ್ಯಾಹ್ನ 3ಕ್ಕೆ ಮಂಟಪ ಬಿಡಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ." ಕೊನೆಯ ಮಾತು ಮಂಟಪದವರ ಹಟವಲ್ಲ. ಮುಚ್ಚಿದ ಹಾಲ್‌ನ ಹೊರಗೆ ರಾತ್ರಿ ಹೊತ್ತು ಧ್ವನಿವರ್ಧಕ ಹಾಕಬಾರದು ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಆರ್ಕೆಸ್ಟ್ರಾದವರಿಗೆ ಮುಂಗಡ ಕೊಡುವ ಮುಂಚೆಯೇ ಜನಕ್ಕೆ ಗೊತ್ತಿರಲಿ.

ಅಡುಗೆ: ಯಾರು ಎನ್ನುವುದನ್ನು ಬಿಡಬೇಡಿ

ಹಳೇ ಸಾಲುಗಳು: "ಹೊರಗಿನ ಅಡುಗೆಯವರಿಗೆ ಅವಕಾಶವಿದೆ. ಪಾತ್ರೆಗಳನ್ನು ಒದಗಿಸಲಾಗುವುದು. ಷರತ್ತುಗಳು ಅನ್ವಯ."

ನಮ್ಮ ಬ್ರೋಷರ್ ಭಾಷೆಯ ದೊಡ್ಡ ರೋಗ ಈ "ಲಾಗುವುದು". ಯಾರು ಒದಗಿಸುತ್ತಾರೆ? ಪುಕ್ಕಟೆಯಾ, ಬಾಡಿಗೆಗಾ? ಎಷ್ಟು? ಒಂದೂ ಗೊತ್ತಾಗುವುದಿಲ್ಲ. ತಿದ್ದುವಾಗ ಇಡೀ ಹಾಳೆಯಲ್ಲಿ "ಲಾಗುವುದು", "ಲಾಗುತ್ತದೆ" ಇರುವ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಪ್ರತಿಯೊಂದನ್ನೂ "ನಾವು ಕೊಡುತ್ತೇವೆ" ಅಥವಾ "ನೀವು ತರಬೇಕು" ಎಂದು ಬದಲಾಯಿಸಿ. ನಾವು ಎಂದರೆ ಮಂಟಪ, ನೀವು ಎಂದರೆ ಬುಕ್ ಮಾಡಿದವರು ಎಂದು ಮೇಲೆ ಒಂದು ಸಲ ಹೇಳಿದರೆ ಸಾಕು. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಪಾತ್ರೆಗೆ ಬಂದರೆ, ಉಗ್ರಾಣಕ್ಕೆ ಹೋಗಿ ಎಣಿಸಿ. ಎಷ್ಟು ಕೊಪ್ಪರಿಗೆ, ಎಷ್ಟು ಬಕೆಟ್, ಎಷ್ಟು ಸೌಟು. ಪಟ್ಟಿ ಉದ್ದವಾದರೆ ಬ್ರೋಷರಿನಲ್ಲಿ "700 ಜನರ ಅಡುಗೆಗೆ ಬೇಕಾದ ಪಾತ್ರೆ ಬಾಡಿಗೆಯಲ್ಲೇ ಸೇರಿದೆ, ಪಟ್ಟಿ ಆಫೀಸಿನಲ್ಲಿದೆ" ಎಂದರೆ ಸಾಕು. ಲೋಟ ತಟ್ಟೆ ಕೊಡುವುದಿಲ್ಲವಾದರೆ ಕೊಡುವುದಿಲ್ಲ ಎಂದೇ ಬರೆಯಿರಿ. ಬರೆಯದಿದ್ದರೆ ಇದೆ ಎಂದೇ ಜನ ತಿಳಿದುಕೊಳ್ಳುತ್ತಾರೆ.

ಗ್ಯಾಸ್ ಬಗ್ಗೆ ಒಂದು ಸಾಲು ಬೇಕೇ ಬೇಕು. ಮನೆಯಿಂದ ಸಿಲಿಂಡರ್ ಹೊತ್ತು ತರುವವರು ಇದ್ದಾರೆ. ಮನೆ ಬಳಕೆಯ 14.2 ಕೆಜಿ ಸಿಲಿಂಡರನ್ನು ಇಂಥ ಕಡೆ ಬಳಸುವಂತಿಲ್ಲ. 19 ಕೆಜಿಯ ಕಮರ್ಷಿಯಲ್ ಸಿಲಿಂಡರೇ ಆಗಬೇಕು. ಅದನ್ನು ಯಾರು ತರಿಸುತ್ತಾರೆ, ಅಡುಗೆಮನೆಯಲ್ಲಿ ಒಟ್ಟಿಗೆ ಎಷ್ಟು ಇಡಬಹುದು ಎಂದು ಹೇಳಿ.

"ಸಸ್ಯಾಹಾರ ಮಾತ್ರ" ಎನ್ನುವುದು ಸ್ಪಷ್ಟವಾಗಿದೆ ಎಂದುಕೊಂಡಿದ್ದೆ. ಆದರೆ ಆರತಕ್ಷತೆಯಲ್ಲಿ ಕೇಕ್ ಕತ್ತರಿಸುತ್ತಾರಲ್ಲ, ಮೊಟ್ಟೆ ಹಾಕಿದ ಕೇಕ್ ನಡೆಯುತ್ತದಾ? ಈ ಪ್ರಶ್ನೆಗೆ ಮ್ಯಾನೇಜರ್ ಒಂದು ಕ್ಷಣ ಸುಮ್ಮನಾದರು. ಹೋದ ವರ್ಷ ಇದೇ ವಿಷಯಕ್ಕೆ ಬೇಕರಿ ಹುಡುಗನನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದರಂತೆ. ಪಾಪ, ಕೇಕ್ ಮೇಲೆ ಹುಡುಗ ಹುಡುಗಿಯ ಹೆಸರು ಬರೆದಾಗಿತ್ತು. ಹೊಸ ಸಾಲು: "ಮಾಂಸ, ಮೀನು, ಮೊಟ್ಟೆ, ಮೊಟ್ಟೆ ಹಾಕಿದ ಕೇಕ್ ಯಾವುದನ್ನೂ ಒಳಗೆ ತರುವಂತಿಲ್ಲ."

ಇನ್ನೊಂದು, ಪ್ಲಾಸ್ಟಿಕ್. ಊಟದ ಟೇಬಲ್ ಮೇಲೆ ಸುರುಳಿ ಬಿಚ್ಚಿ ಹಾಸುತ್ತಿದ್ದ ಪ್ಲಾಸ್ಟಿಕ್ ಹಾಳೆಯೂ ಸೇರಿದಂತೆ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. "ಪ್ಲಾಸ್ಟಿಕ್ ನಿಷೇಧಿಸಲಾಗಿದೆ" ಎಂದು ಬರೆದರೆ ಅಡುಗೆ ಕಂಟ್ರಾಕ್ಟರ್ ಅದು ಕೈಚೀಲದ ಮಾತು ಎಂದುಕೊಳ್ಳುತ್ತಾನೆ. "ಟೇಬಲ್ ಮೇಲೆ ಪೇಪರ್ ರೋಲ್ ಮಾತ್ರ" ಎಂದರೆ ಅರ್ಥವಾಗುತ್ತದೆ. ಎಂಜಲೆಲೆ ಯಾರು ಸಾಗಿಸುತ್ತಾರೆ, ಅದು ಕ್ಲೀನಿಂಗ್ ಚಾರ್ಜಿನಲ್ಲಿ ಸೇರಿದೆಯಾ ಎನ್ನುವುದನ್ನೂ ಇದರ ಕೆಳಗೇ ಹಾಕಿ.

ಪಾರ್ಕಿಂಗ್

"ವಿಶಾಲವಾದ ಪಾರ್ಕಿಂಗ್ ವ್ಯವಸ್ಥೆ" ಎಂದಿತ್ತು. ಟೇಪ್ ಹಿಡಿದು ಅಳೆದರೆ 60 ಅಡಿಗೆ 150 ಅಡಿ, ಅಂದರೆ 9,000 ಚದರಡಿ. ಒಂದು ಕಾರಿಗೆ ನಿಲ್ಲುವ ಜಾಗದ ಜೊತೆ ತಿರುಗಿಸಿ ಹೊರಗೆ ತೆಗೆಯುವ ದಾರಿಯೂ ಸೇರಿ ಸುಮಾರು 250 ಚದರಡಿ ಹಿಡಿಯಿರಿ. 36 ಕಾರು ಆಯಿತು. ಅದರಲ್ಲಿ ಜನರೇಟರ್ ಮತ್ತು ಅಡುಗೆಯವರ ಗಾಡಿಗೆ ಜಾಗ ಕಳೆಯಿರಿ. ಬೈಕುಗಳಿಗೆ ಒಂದು ಮೂಲೆ ಬಿಡಿ. ಕೊನೆಗೆ ಉಳಿದದ್ದು 25 ಕಾರು, 80 ಬೈಕು.

ಅಷ್ಟಕ್ಕೇ ಮುಗಿಯಲಿಲ್ಲ. ಆರತಕ್ಷತೆಗೆ ಚಾಟ್ಸ್ ಕೌಂಟರ್, ಐಸ್‌ಕ್ರೀಂ ಕೌಂಟರ್ ಹಾಕುವುದು ಇದೇ ಅಂಗಳದಲ್ಲಿ. ಕಾವಲುಗಾರರು ಹೇಳಿದ್ದು ಇದನ್ನೇ: "ಶಾಮಿಯಾನ ಹಾಕಿದ ದಿನ ಹತ್ತು ಕಾರೂ ನಿಲ್ಲಲ್ಲ ಸಾರ್. ಎಲ್ಲರೂ ನನ್ನನ್ನ ಬೈತಾರೆ." ಆದ್ದರಿಂದ ಎರಡು ಅಂಕಿ ಬರೆದೆವು: ಅಂಗಳ ಖಾಲಿ ಇದ್ದರೆ 25 ಕಾರು, ಶಾಮಿಯಾನ ಹಾಕಿದರೆ 10.

ಪಕ್ಕದ ಖಾಲಿ ಸೈಟಿನಲ್ಲಿ ಇಷ್ಟು ದಿನ ಗಾಡಿ ನಿಲ್ಲಿಸುತ್ತಿದ್ದರು. ಸೈಟಿನವರ ಬಾಯಿಮಾತಿನ ಒಪ್ಪಿಗೆ ಅಷ್ಟೇ. ನಾಳೆ ಅವರು ಪಾಯ ತೋಡಿದರೆ? ಕಾಗದದ ಮೇಲೆ ಕರಾರು ಇಲ್ಲದ ಜಾಗವನ್ನು ಲೆಕ್ಕಕ್ಕೆ ಸೇರಿಸಬೇಡಿ. ರಸ್ತೆ ಬದಿಯನ್ನಂತೂ ಖಂಡಿತ ಬೇಡ. ದಿಬ್ಬಣದ ಬಸ್ಸಿಗೂ ಒಂದು ಸಾಲು ಬೇಕು. ನಮ್ಮ ಮಂಟಪದ ಗೇಟಿನೊಳಗೆ ಬಸ್ ತಿರುಗುವುದಿಲ್ಲ. "ಬಸ್ಸಿನಲ್ಲಿ ಬಂದವರು ಗೇಟಿನಲ್ಲಿ ಇಳಿಯಬೇಕು. ಬಸ್ ಒಳಗೆ ನಿಲ್ಲಿಸಲು ಜಾಗವಿಲ್ಲ" ಎಂದು ನೇರವಾಗಿ ಬರೆದೆವು.

ಇನ್ನು ಈ ವಾಕ್ಯ ನೋಡಿ: "ವಾಹನಗಳ ಸುರಕ್ಷತೆಗೆ ಮಾಲೀಕರೇ ಜವಾಬ್ದಾರರು." ಯಾವ ಮಾಲೀಕರು? ಮಂಟಪದವರು ಗಾಡಿಯ ಮಾಲೀಕ ಎಂದು ಬರೆಸಿದ್ದು. ಬೈಕ್ ಕಳೆದುಕೊಂಡವನೊಬ್ಬ ಮಂಟಪದ ಮಾಲೀಕ ಎಂದು ಓದಿದ. ಅವನು ಓದಿದ್ದೂ ಸರಿಯೇ, ಅಲ್ವಾ? "ಗಾಡಿಯನ್ನು ಬೀಗ ಹಾಕಿ ನಿಲ್ಲಿಸಿ. ರಾತ್ರಿ ಒಬ್ಬರು ಕಾವಲುಗಾರರು ಇರುತ್ತಾರೆ. ಗಾಡಿ ಅಥವಾ ಅದರೊಳಗಿನ ಸಾಮಾನು ಕಳೆದರೆ ಮಂಟಪ ನಷ್ಟ ಕಟ್ಟಿಕೊಡುವುದಿಲ್ಲ" ಎಂದು ಬದಲಾಯಿಸಿದೆ. ಕೇಳಲು ಒರಟು. ಆದರೆ ಎರಡು ಅರ್ಥ ಇಲ್ಲ.

ದುಡ್ಡು, ಬುಕಿಂಗ್, ರದ್ದು

ಇಲ್ಲಿ ಮೊದಲು ಬಿಡಿಸಬೇಕಾದದ್ದು ಎರಡು ಪದ. ಮುಂಗಡ ಎಂದರೆ ಬಾಡಿಗೆಯ ಒಂದು ಭಾಗ. ಡೆಪಾಸಿಟ್ ಎಂದರೆ ಕೊನೆಯಲ್ಲಿ ಖರ್ಚು ಕಳೆದು ವಾಪಸ್ ಕೊಡುವ ಹಣ. ಹಳೇ ಹಾಳೆಯಲ್ಲಿ ಎರಡಕ್ಕೂ "ಮುಂಗಡ ಠೇವಣಿ" ಎಂದಿತ್ತು. ಒಬ್ಬರು ಬಾಡಿಗೆಯಲ್ಲಿ ಕಳೆದುಕೊಳ್ಳಿ ಎನ್ನುತ್ತಿದ್ದರು, ಇನ್ನೊಬ್ಬರು ವಾಪಸ್ ಕೊಡಿ ಎನ್ನುತ್ತಿದ್ದರು.

ಆಮೇಲೆ, ಒಂದು ಮದುವೆಯ ಪೂರ್ತಿ ಲೆಕ್ಕವನ್ನೇ ಬ್ರೋಷರಿನಲ್ಲಿ ಮಾಡಿ ತೋರಿಸಿ. ನಾವು ಹಾಕಿದ್ದು ಇದು:

> ಬಾಡಿಗೆ 80,000. ಕ್ಲೀನಿಂಗ್ 5,000. ಇವೆರಡರ ಮೇಲೆ 18% ಜಿಎಸ್‌ಟಿ 15,300. ಒಟ್ಟು 1,00,300 ರೂಪಾಯಿ. ಇದಲ್ಲದೆ ಡೆಪಾಸಿಟ್ 20,000. ಕರೆಂಟ್ ಮತ್ತು ಜನರೇಟರ್ ಖರ್ಚನ್ನು ಡೆಪಾಸಿಟ್ಟಿನಲ್ಲಿ ಕಳೆದು ಉಳಿದದ್ದನ್ನು ವಾಪಸ್ ಕೊಡುತ್ತೇವೆ.

ಜಿಎಸ್‌ಟಿ ಯಾವ ಸಾಲಿಗೆ ಬೀಳುತ್ತದೆ ಎಂದು ನಿಮ್ಮ ಆಡಿಟರ್ ಹೇಳಿದಂತೆ ಹಾಕಿ. ಅದನ್ನು ಡಿಟಿಪಿಯವನು ಊಹಿಸಬಾರದು. ಕರೆಂಟಿಗೆ ಯೂನಿಟ್ ದರ, ಜನರೇಟರಿಗೆ ಗಂಟೆಯ ದರ ಕೊಡಿ. ಬೀಗ ಕೊಡುವಾಗ ಮತ್ತು ವಾಪಸ್ ಪಡೆಯುವಾಗ ಮೀಟರ್ ರೀಡಿಂಗ್ ಇಬ್ಬರೂ ನೋಡಿ ಸಹಿ ಮಾಡುತ್ತಾರೆ ಎಂದೂ ಬರೆಯಿರಿ. ನಮ್ಮ ಮ್ಯಾನೇಜರ್ ಈಗ ಮೊಬೈಲಿನಲ್ಲಿ ಮೀಟರಿನ ಫೋಟೊ ತೆಗೆದು ಪಾರ್ಟಿಗೆ ವಾಟ್ಸಾಪ್ ಮಾಡುತ್ತಾರೆ. ಮೊದಲೇ ಮಾಡಬಹುದಿತ್ತು!

ಡೆಪಾಸಿಟ್ ಯಾರ ಕೈಗೆ ವಾಪಸ್? ಹುಡುಗಿ ಕಡೆಯವರು ಬುಕ್ ಮಾಡಿ, ಹುಡುಗನ ಕಡೆಯವರು ಬೀಗ ಕೊಟ್ಟು ಹೋಗುವುದು ಉಂಟು. "ರಸೀದಿಯಲ್ಲಿ ಹೆಸರಿರುವವರಿಗೆ ಮಾತ್ರ, ಮಂಟಪ ಬಿಟ್ಟ ಮೂರು ದಿನದೊಳಗೆ" ಎಂದು ಹಾಕಿದೆವು.

ರದ್ದಿನ ವಿಷಯಕ್ಕೆ ಇದ್ದದ್ದು "ಯಾವುದೇ ಕಾರಣಕ್ಕೂ ಮುಂಗಡ ವಾಪಸಿಲ್ಲ" ಎಂಬ ಸಾಲು. ಅದನ್ನು ಉಳಿಸಿಕೊಳ್ಳಲು ಮ್ಯಾನೇಜರಿಗೆ ಆಸೆ. ಆದರೆ ಒಂದು ಕಡೆಗೇ ವಾಲಿದ ಇಂಥ ಕರಾರನ್ನು ಗ್ರಾಹಕರು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ಕೊಟ್ಟಿದೆ. ಅದಿರಲಿ, ಅವರು ನಿಜವಾಗಿ ಮಾಡುತ್ತಿದ್ದದ್ದೇ ಬೇರೆ. ಮನೆಯಲ್ಲಿ ಸಾವಾಗಿ ಸೂತಕ ಬಂದವರಿಗೆ ಬೇರೆ ದಿನ ಕೊಡುತ್ತಿದ್ದರು, ಮೂರು ತಿಂಗಳು ಮೊದಲೇ ಹೇಳಿದವರಿಗೆ ಅರ್ಧ ದುಡ್ಡು ಕೊಡುತ್ತಿದ್ದರು. ಮಾಡುವುದನ್ನೇ ಬರೆಯಿರಿ ಎಂದೆ. ಹೀಗಾಯಿತು:

> ಮುಹೂರ್ತಕ್ಕೆ 90 ದಿನ ಅಥವಾ ಅದಕ್ಕೂ ಮೊದಲು ರದ್ದು ಮಾಡಿದರೆ ಮುಂಗಡದ ಅರ್ಧ ವಾಪಸ್. (ಉದಾಹರಣೆ: 2026ರ ಮೇ 10ರ ಮದುವೆಗೆ ಫೆಬ್ರವರಿ 9 ಕೊನೆಯ ದಿನ.) ಆಮೇಲೆ ರದ್ದು ಮಾಡಿದರೆ ವಾಪಸ್ ಇಲ್ಲ. ಮನೆಯಲ್ಲಿ ಸಾವಾದರೆ ಆರು ತಿಂಗಳೊಳಗೆ ಖಾಲಿ ಇರುವ ಇನ್ನೊಂದು ದಿನಕ್ಕೆ ಒಂದು ಸಲ ಬದಲಾಯಿಸಿಕೊಳ್ಳಬಹುದು.

ಉದಾಹರಣೆಯ ತಾರೀಕು ಬಿಡಬೇಡಿ. 90 ದಿನವನ್ನು ಆರತಕ್ಷತೆಯಿಂದ ಎಣಿಸಬೇಕಾ, ಮುಹೂರ್ತದಿಂದಾ ಎಂಬ ವಾದ ಅಲ್ಲಿಗೇ ನಿಲ್ಲುತ್ತದೆ. ಬುಕಿಂಗ್‌ಗೆ ಬೇಕಾದ ಕಾಗದಗಳನ್ನೂ ಇಲ್ಲೇ ಹೇಳಿ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದಕ್ಕೆ ದಾಖಲೆ ಕೇಳುವುದು ಅನುಮಾನದಿಂದಲ್ಲ, ಬಾಲ್ಯವಿವಾಹ ನಿಷೇಧ ಕಾಯ್ದೆ ಇರುವುದರಿಂದ ಎಂದು ಒಂದು ಮಾತು ಸೇರಿಸಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಅಚ್ಚಿಗೆ ಹೋಗುವ ಮುನ್ನ

ಈ ನಾಲ್ಕೂ ವಿಷಯ ಒಂದೇ ಪುಟದಲ್ಲಿರಲಿ, ಫೋಟೊಗಳು ಹಿಂದಿನ ಪುಟಕ್ಕೆ ಹೋಗಲಿ. ಇಂಗ್ಲಿಷ್ ಪ್ರತಿಯೂ ಇದ್ದರೆ ಅಂಕಿಗಳನ್ನು ಒಂದೊಂದಾಗಿ ಹೋಲಿಸಿ. ನಮ್ಮಲ್ಲಿ ಕನ್ನಡದಲ್ಲಿ 450 ಕುರ್ಚಿ, ಇಂಗ್ಲಿಷಿನಲ್ಲಿ ಇನ್ನೂ ಹಳೇ 1000 ಉಳಿದಿತ್ತು. ಮೂಲೆಯಲ್ಲಿ "ಈ ದರ ಇಂಥ ತಾರೀಕಿನಿಂದ" ಎಂದು ಹಾಕಿ. ಇಲ್ಲದಿದ್ದರೆ ಮೂರು ವರ್ಷದ ಹಿಂದಿನ ಹಾಳೆ ಹಿಡಿದು ಬರುತ್ತಾರೆ. ಮತ್ತೆ, ಹಳೇ ನುಡಿ ಫಾಂಟಿನಲ್ಲಿ ಕಂಪೋಸ್ ಮಾಡಿದ್ದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಬರೀ ಅಡ್ಡಾದಿಡ್ಡಿ ಅಕ್ಷರ ಬರುತ್ತದೆ. ಷರತ್ತುಗಳನ್ನು ಯೂನಿಕೋಡಿನಲ್ಲಿ ಇನ್ನೊಂದು ಸಲ ಟೈಪ್ ಮಾಡಿಟ್ಟುಕೊಳ್ಳಿ. ಈಗ ಅರ್ಧ ಬುಕಿಂಗ್ ನಡೆಯುವುದು ಫೋನಿನಲ್ಲೇ.

ಕೊನೆಗೆ, ಆ ಮಂಟಪವನ್ನು ನೋಡಿಯೇ ಇಲ್ಲದವರ ಕೈಗೆ ಹಾಳೆ ಕೊಡಿ. ನಾನು ನಮ್ಮ ಅಕ್ಕನಿಗೆ ಕೊಟ್ಟೆ. ಅವಳು ಇಬ್ಬರು ಮಕ್ಕಳ ಮದುವೆ ಮಾಡಿದವಳು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಎಲ್ಲ ಸರಿ ಕಣೋ, ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ಎಷ್ಟೊತ್ತಿಗೆ ಬರುತ್ತೆ?" ಎಂದಳು. ನಾಲ್ಕು ದಿನ ಕೂತ ನಮಗೆ ಅದು ಹೊಳೆದಿರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದೆ. ಬಾಯ್ಲರ್ ಹಚ್ಚುವುದು ಬೆಳಿಗ್ಗೆ 4ಕ್ಕೆ, ಆರು ರೂಮಿಗೂ ನೀರು ಬರುತ್ತದೆ ಎಂದರು. ಕೊಠಡಿಗಳ ಸಾಲಿನ ಕೆಳಗೆ ಅದನ್ನೂ ಸೇರಿಸಿ, ಸಾವಿರದ ಬದಲು ಐನೂರು ಪ್ರತಿ ಮಾತ್ರ ಅಚ್ಚಿಗೆ ಕಳಿಸಿದೆ.